ಕಾಫಿ ಚರಟವನ್ನು ಕುಂಡಕ್ಕೆ ಸುರಿಯುವ ಮುಂಚೆ

ಕಾಫಿ ಸೋಸಿದ ಮೇಲೆ ಫಿಲ್ಟರಿನಲ್ಲಿ ಉಳಿಯುತ್ತದಲ್ಲ, ಆ ಒದ್ದೆ ಚರಟ, ಅದನ್ನು ಎಸೆಯೋಕೆ ಯಾರಿಗೂ ಮನಸ್ಸು ಬರುವುದಿಲ್ಲ. ಘಮ್ಮನ್ನುತ್ತಾ ಇರುತ್ತದೆ. ನೋಡೋಕೆ ಒಳ್ಳೆ ಕಪ್ಪು ಮಣ್ಣಿನ ಹಾಗಿರುತ್ತದೆ. ಹಾಗಾಗಿ ಸೀದಾ ಹೋಗಿ ಗಿಡದ ಬುಡಕ್ಕೆ ಸುರಿದು ಬರುತ್ತೇವೆ. ಈ ಸಭೆಯಲ್ಲಿ ನಾನು ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಬುಡಕ್ಕೆ ಹಸಿ ಚರಟ ಬೇಡ. ಕೊಳೆಸಿ ಗೊಬ್ಬರ ಮಾಡಿ ಹಾಕಿ. ವಾಸನೆ ತೆಗೆಯೋಕೆ ಬಳಸುತ್ತೀರಾ, ಪೂರ್ತಿ ಒಣಗಿಸಿ ಬಳಸಿ. ಯಾಕೆ ಅಂತ ಈಗ ನೋಡೋಣ.

ಒಂದು ಮನೆಯಲ್ಲಿ ದಿನಕ್ಕೆ 20 ಗ್ರಾಂ ಕಾಫಿಪುಡಿ ಖರ್ಚಾಗುತ್ತದೆ ಅಂತ ಇಟ್ಟುಕೊಳ್ಳಿ. ಅದರಲ್ಲಿ ಸುಮಾರು ಐದನೇ ಒಂದು ಭಾಗ ನೀರಿಗೆ ಬಿಟ್ಟುಕೊಂಡು ಲೋಟಕ್ಕೆ ಹೋಗುತ್ತದೆ. ಉಳಿದದ್ದು ಸುಮಾರು 16 ಗ್ರಾಂ. ಆದರೆ ಅದು ನೀರು ಹೀರಿಕೊಂಡು ಕೂತಿರುತ್ತದೆ, ಅರ್ಧಕ್ಕಿಂತ ಜಾಸ್ತಿ ತೂಕ ಬರೀ ನೀರಿನದೇ. ಹಾಗಾಗಿ ಕೈಯಲ್ಲಿ ಹಿಡಿದಾಗ 40 ಗ್ರಾಂ ತೂಗುತ್ತದೆ, ರಾಶಿ ದೊಡ್ಡದಾಗಿ ಕಾಣುತ್ತದೆ. ತಿಂಗಳಿಗೆ ಒಣ ಲೆಕ್ಕದಲ್ಲಿ ಹೆಚ್ಚು ಕಡಿಮೆ ಅರ್ಧ ಕಿಲೋ. ಚರಟದ ಒಣ ತೂಕದಲ್ಲಿ ಸಾರಜನಕ ಇರುವುದು ಶೇಕಡಾ 2ರ ಆಸುಪಾಸು. ಅಂದರೆ ತಿಂಗಳಿಡೀ ಕೂಡಿಟ್ಟರೆ ಸಿಗುವ ಸಾರಜನಕ ಹತ್ತು ಗ್ರಾಂ. ಪೊಟ್ಯಾಷ್ ಅಂತೀರಾ, ಅದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಬಹುಪಾಲು ನೀವೇ ಕುಡಿದಿರುತ್ತೀರಿ. ರಂಜಕ ಮೊದಲಿಂದಲೂ ಕಡಿಮೆ.

ಆ ಹತ್ತು ಗ್ರಾಂ ಸಾರಜನಕವೂ ಗಿಡಕ್ಕೆ ತಕ್ಷಣ ಸಿಗುವ ರೂಪದಲ್ಲಿ ಇಲ್ಲ. ಅದು ಪ್ರೋಟೀನಿನೊಳಗೆ ಸಿಕ್ಕಿಕೊಂಡಿರುತ್ತದೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಒಡೆಯಬೇಕು, ಆಮೇಲೆ ಬೇರಿಗೆ. ಹಸಿ ಚರಟವನ್ನು ಮಣ್ಣಿಗೆ ಬೆರೆಸಿದಾಗ ಆಗುವುದೇನು ಗೊತ್ತಾ? ಈ ಜೀವಿಗಳಿಗೆ ಒಂದೇ ಸಲ ರಾಶಿ ಊಟ ಸಿಗುತ್ತದೆ, ಅವು ಹೆಚ್ಚುತ್ತವೆ, ಹೆಚ್ಚುವಾಗ ಅವುಗಳಿಗೂ ಸಾರಜನಕ ಬೇಕು. ಚರಟದಲ್ಲಿರುವುದು ಸುಲಭಕ್ಕೆ ಸಿಗದಿದ್ದರೆ ಮಣ್ಣಿನಲ್ಲಿ ಮೊದಲೇ ಇದ್ದದ್ದನ್ನು ಎತ್ತಿಕೊಳ್ಳುತ್ತವೆ. ಗೊಬ್ಬರ ಹಾಕಿದೆವು ಅಂದುಕೊಂಡವರ ಗಿಡದ ಎಲೆ ಹಳದಿಯಾಗೋಕೆ ಇದೂ ಒಂದು ಕಾರಣ.

ಆದರೆ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ. 2016ರಲ್ಲಿ ಮೆಲ್ಬರ್ನ್‌ನಲ್ಲಿ ಹಾರ್ಡ್‌ಗ್ರೋವ್ ಮತ್ತು ಲಿವ್ಸ್ಲಿ ಅನ್ನುವ ಇಬ್ಬರು ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ಬ್ರೊಕೊಲಿ, ಮೂಲಂಗಿ, ಸೂರ್ಯಕಾಂತಿ ಹೀಗೆ ಐದು ಬಗೆಯ ಗಿಡ. ಮಣ್ಣಿಗೆ ನೇರವಾಗಿ ಚರಟ ಬೆರೆಸಿದ್ದರಲ್ಲಿ ಎಲ್ಲವೂ ಕುಂಠಿತ. ಸರಿ, ಸಾರಜನಕದ ಕೊರತೆ ಇರಬಹುದು ಅಂತ ಜೊತೆಗೆ ಗೊಬ್ಬರವನ್ನೂ ಕೊಟ್ಟು ನೋಡಿದರು. ಆಗಲೂ ಗಿಡ ಏಳಲಿಲ್ಲ. ಅಂದರೆ ಕೊರತೆ ಒಂದೇ ಅಲ್ಲ, ಚರಟದಲ್ಲಿ ಬೇರಿಗೆ ಆಗದ ವಸ್ತುಗಳೇ ಇವೆ ಅನ್ನುವ ಕಡೆ ಬೆರಳು ತೋರಿಸುತ್ತದೆ. ಸೋಸಿದ ಮೇಲೂ ಚರಟದಲ್ಲಿ ಒಂದಿಷ್ಟು ಕೆಫೀನ್ ಉಳಿದಿರುತ್ತದೆ, ಜೊತೆಗೆ ಒಗರಿನ ಫೀನಾಲ್ ವಸ್ತುಗಳು. ಕೆಫೀನ್ ಬೀಜ ಮೊಳೆಯುವುದನ್ನೂ ಎಳೆ ಬೇರು ಬೆಳೆಯುವುದನ್ನೂ ತಡೆಯುತ್ತದೆ. ಇನ್ನೊಂದು ಮಾತು ಅದೇ ಪ್ರಯೋಗದಿಂದ: ಚರಟ ಹಾಕಿದ ಮಣ್ಣು ನೀರನ್ನು ಜಾಸ್ತಿ ಹಿಡಿದಿಟ್ಟುಕೊಂಡಿತು, ಕಳೆಯೂ ಕಡಿಮೆಯಾಯಿತು. ಕಳೆ ಕಡಿಮೆ ಆಯ್ತು ಅಂತ ಖುಷಿಪಡಬೇಕೋ ಬೇಡವೋ ನೀವೇ ಹೇಳಿ. ಕಳೆಯನ್ನು ತಡೆದದ್ದು ನಿಮ್ಮ ಸಸಿಯನ್ನು ಬಿಡುತ್ತದಾ?

ಮೊದಲೇ ಬಲಿತ ಗಿಡಕ್ಕೆ ಸ್ವಲ್ಪ ಹಾಕಿದರೆ ಇಷ್ಟು ಕಷ್ಟ ಆಗಲಿಕ್ಕಿಲ್ಲ, ನಿಜ. ತೊಂದರೆ ಎದ್ದು ಕಾಣುವುದು ಬೀಜ ಬಿತ್ತಿದ ಕಡೆ, ಎಳೆ ಸಸಿಗಳಲ್ಲಿ, ಮತ್ತೆ ಕುಂಡದಲ್ಲಿ. ಕುಂಡದಲ್ಲಿ ಯಾಕೆ ಅಂದರೆ ಮಣ್ಣು ಕಡಿಮೆ, ಎಲ್ಲ ಬೇರಿಗೂ ಅದೇ ಪಾಲು.

ಒಬ್ಬರು ಗುಲಾಬಿ ಕುಂಡವನ್ನೇ ತಂದು ತೋರಿಸಿದ್ದರು. ದಿನಾ ನೀರು ಹಾಕುತ್ತೇನೆ, ಆದರೂ ಬಾಡುತ್ತಿದೆ ಅಂತ. ಕುಂಡದ ಮೇಲೆ ಒಂದು ಬೆರಳು ದಪ್ಪ ಚರಟ. ದಿನಾ ಒಂದಿಷ್ಟು ಹಾಕುತ್ತಾ ಹಾಕುತ್ತಾ ಅಷ್ಟಾಗಿತ್ತು. ಮೇಲುಗಡೆ ಒಣಗಿ ಹೆಪ್ಪುಗಟ್ಟಿ ಸೀಳು ಬಿಟ್ಟಿತ್ತು, ಕೆಲವು ಕಡೆ ಬೂದುಬಿಳಿ ಬೂಷ್ಟು. ನೀರು ಹಾಕಿ ನೋಡಿದೆವು. ನೀರು ಮೇಲೆ ನಿಂತಿತು, ಆಮೇಲೆ ನಿಧಾನಕ್ಕೆ ಅಂಚಿಗೆ ಸರಿದು, ಮಣ್ಣಿಗೂ ಕುಂಡದ ಗೋಡೆಗೂ ನಡುವಿನ ಸಂದಿಯಲ್ಲಿ ಇಳಿದು, ಕೆಳಗಿನ ತೂತಿನಿಂದ ಹೊರಗೆ ಬಂತು. ತಟ್ಟೆ ತುಂಬಿತು, ಮಣ್ಣು ನೆನೆಯಲಿಲ್ಲ. ಆ ಹೆಪ್ಪನ್ನು ಚಾಕುವಿನಿಂದ ಎಬ್ಬಿಸಿದರೆ ಕೆಳಗೆ ಮಣ್ಣು ಪುಡಿ ಪುಡಿ ಒಣಗಿತ್ತು.

ಕಾರಣ ಸರಳ. ಚರಟದ ಕಣ ಬಹಳ ಸಣ್ಣದು, ಒಂದರ ಪಕ್ಕ ಒಂದು ಒತ್ತಾಗಿ ಕೂರುತ್ತವೆ, ಗಾಳಿಗೆ ಜಾಗ ಇಲ್ಲ. ಜೊತೆಗೆ ಒಣ ತೂಕದ ಶೇಕಡಾ 10ರಿಂದ 15ರಷ್ಟು ಎಣ್ಣೆ ಅದರಲ್ಲೇ ಉಳಿದಿರುತ್ತದೆ. ಒದ್ದೆ ಇದ್ದಾಗ ನೀರು ಹಿಡಿಯುವ ಚರಟ, ಒಮ್ಮೆ ಒಣಗಿತು ಅಂದರೆ ನೀರನ್ನು ಒಳಗೆ ಬಿಡುವುದೇ ಇಲ್ಲ. ಆ ಗುಲಾಬಿಗೆ ಮಾಡಿದ್ದು ಇಷ್ಟೇ: ಹೆಪ್ಪನ್ನು ಪೂರ್ತಿ ತೆಗೆದು, ಕುಂಡವನ್ನು ನೀರಿನ ಬಕೆಟ್ಟಿನಲ್ಲಿ ಗುಳ್ಳೆ ಬರುವುದು ನಿಲ್ಲುವ ತನಕ ಮುಳುಗಿಸಿಟ್ಟು, ಆಮೇಲೆ ಬಸಿಯೋಕೆ ಬಿಟ್ಟದ್ದು. ನಿಮ್ಮ ಮನೆ ಕುಂಡದಲ್ಲೂ ನೀರು ಹಾಕಿದ ಕೂಡಲೇ ಕೆಳಗಿಂದ ಸುರಿದರೆ, ಚೆನ್ನಾಗಿ ನೆಂದಿದೆ ಅಂದುಕೊಳ್ಳಬೇಡಿ. ಬೆರಳು ಹಾಕಿ ನೋಡಿ.

ಚರಟದ ಪದರ ಒದ್ದೆ ಇದ್ದರೆ ಅದರಲ್ಲೇ ಸಣ್ಣ ಕಪ್ಪು ನೊಣಗಳು ಮೊಟ್ಟೆ ಇಡುತ್ತವೆ, ಮನೆಯೊಳಗಿನ ಕುಂಡದ ಸುತ್ತ ಹಾರಾಡುತ್ತವಲ್ಲ, ಅವೇ. ಅವುಗಳ ಮರಿಹುಳುಗಳಿಗೆ ಬೂಷ್ಟು ಅಂದರೆ ಹಬ್ಬದೂಟ.

ಇನ್ನು ಹುಳಿಯ ವಿಷಯ. ಚರಟ ಹುಳಿ, ಹಾಗಾಗಿ ಹುಳಿ ಮಣ್ಣು ಬೇಡುವ ಗಿಡಗಳಿಗೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಹುಳಿಯೆಲ್ಲ ನೀರಿನಲ್ಲಿ ಕರಗುವಂಥದ್ದು, ಹೆಚ್ಚಿನದು ಲೋಟಕ್ಕೆ ಹೋಗಿರುತ್ತದೆ. ಸೋಸಿದ ಚರಟದ ಪಿಎಚ್ ಅಳೆದವರಿಗೆ ಒಂದೊಂದು ಸಲ ಒಂದೊಂದು ಸಿಕ್ಕಿದೆ. ಕೆಲವು ಸಲ ಹುಳಿಯ ಕಡೆ, ಬಹಳ ಸಲ ತಟಸ್ಥಕ್ಕೆ ಹತ್ತಿರ, ಕೊಳೆಯುತ್ತಾ ಹೋದಾಗ ಇನ್ನೂ ಬದಲಾಗುತ್ತದೆ. ಇದನ್ನು ನಂಬಿ ಮಣ್ಣಿನ ಹುಳಿ ಹೆಚ್ಚಿಸೋಕೆ ಹೊರಟರೆ ಕೆಲಸ ಆಗುವುದಿಲ್ಲ. ಆ ಕೆಲಸಕ್ಕೆ ಗಂಧಕದ ಪುಡಿ ಇದೆ, ಅದೂ ಮಣ್ಣು ಪರೀಕ್ಷೆ ಮಾಡಿಸಿದ ಮೇಲೆ.

ಸರಿ, ಏನು ಮಾಡಬೇಕು? ಕಾಂಪೋಸ್ಟ್. ಇಲ್ಲಿ ಚರಟ ನಿಜಕ್ಕೂ ಒಳ್ಳೆ ಸರಕು. ಬಣ್ಣ ಕಂದು ಇದ್ದರೂ ಕಾಂಪೋಸ್ಟಿನ ಲೆಕ್ಕದಲ್ಲಿ ಅದು ಹಸಿರು ಕಸದ ಗುಂಪಿಗೆ ಸೇರುತ್ತದೆ, ತರಕಾರಿ ಸಿಪ್ಪೆ, ಹಸಿ ಹುಲ್ಲಿನ ಹಾಗೆ. ಇಂಗಾಲಕ್ಕೂ ಸಾರಜನಕಕ್ಕೂ ಇರುವ ಅನುಪಾತ ಸುಮಾರು 20ಕ್ಕೆ 1. ರಾಶಿ ಚೆನ್ನಾಗಿ ಕೊಳೆಯಬೇಕಾದರೆ ಒಟ್ಟಾರೆ 25ರಿಂದ 30ಕ್ಕೆ 1 ಇರಬೇಕು. ಹಾಗಾಗಿ ಒಣ ಕಸ ಬೇಕೇ ಬೇಕು: ಒಣಗಿದ ಎಲೆ, ಹರಿದ ರಟ್ಟು, ಮರದ ಸಣ್ಣ ಚೂರು. ಕಂದು ಬಣ್ಣ ನೋಡಿ ಚರಟವನ್ನೇ ಒಣ ಕಸ ಅಂದುಕೊಂಡು ತರಕಾರಿ ಸಿಪ್ಪೆಯ ಮೇಲೆ ಹಾಕಿದರೆ, ಹಸಿಯ ಮೇಲೆ ಹಸಿ ಬಿದ್ದಂತಾಯಿತು, ರಾಶಿ ನಾರುತ್ತದೆ.

ಒಂದು ಬಕೆಟ್ಟಿನ ಲೆಕ್ಕ ಹೇಳುತ್ತೇನೆ, ಮನೆಗೆ ಹೋಗಿ ಮಾಡಬಹುದು. ಮುಚ್ಚಳ ಇರುವ 20 ಲೀಟರಿನ ಬಕೆಟ್. ತಳದಲ್ಲೂ ಪಕ್ಕದಲ್ಲೂ ತೂತು ಕೊರೆಯಿರಿ, ಪೆನ್ಸಿಲ್ ಹೋಗುವಷ್ಟು ದಪ್ಪ. ಕೆಳಗೊಂದು ತಟ್ಟೆ, ಬಕೆಟ್ಟು ತಟ್ಟೆಗೆ ಅಂಟದ ಹಾಗೆ ಎರಡು ಇಟ್ಟಿಗೆ ಚೂರು. ತಳಕ್ಕೆ ನಾಲ್ಕು ಬೆರಳಷ್ಟು ಒಣ ಎಲೆ. ಆಮೇಲೆ ಅಳತೆಗೆ ಒಂದೇ ಮಗ್ ಇಟ್ಟುಕೊಳ್ಳಿ, ತೂಕ ಮಾಡುವ ಗೋಜು ಬೇಡ. ಒಂದು ಮಗ್ ಚರಟ, ಒಂದು ಮಗ್ ಕತ್ತರಿಸಿದ ತರಕಾರಿ ಸಿಪ್ಪೆ, ಮೂರು ಮಗ್ ಒಣ ಎಲೆ. ಎಲೆಯನ್ನು ಕೈಯಲ್ಲಿ ಪುಡಿ ಮಾಡಿ ಅಳೆಯಿರಿ, ಇಡೀ ಎಲೆ ಅಳೆದರೆ ಮಗ್ ತುಂಬಾ ಗಾಳಿಯೇ ಇರುತ್ತದೆ. ಒಟ್ಟು ಐದು ಮಗ್‌ನಲ್ಲಿ ಚರಟ ಒಂದು, ಅಂದರೆ ಐದನೇ ಒಂದು ಭಾಗ. ಇದನ್ನು ದಾಟಬೇಡಿ. ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಲಿಂಡಾ ಚಾಕರ್-ಸ್ಕಾಟ್ ಅವರು ಚರಟದ ಮೇಲಿನ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದು ಬರೆದದ್ದರಲ್ಲೂ ಮಿತಿ ಇದೇ, ಗಾತ್ರದಲ್ಲಿ ಶೇಕಡಾ 20. ಜಾಸ್ತಿ ಆದರೆ ಕೊಳೆಯುವ ರಾಶಿಯಲ್ಲೂ ಅದೇ ಹೆಪ್ಪುಗಟ್ಟುವ ಕಾಟ.

ಎಲ್ಲವನ್ನೂ ಒಂದು ಪದರ ಇದು, ಒಂದು ಪದರ ಅದು ಅಂತ ಜೋಡಿಸಬೇಡಿ, ಚೆನ್ನಾಗಿ ಕಲಸಿ. ಚರಟ ಪದರವಾಗಿ ಕೂತರೆ ಒಳಗೆ ಗಾಳಿ ಆಡುವುದಿಲ್ಲ. ಫಿಲ್ಟರಿನಿಂದ ಬಿದ್ದ ಚರಟ ಬಿಲ್ಲೆಯಾಗಿ ಬರುತ್ತದಲ್ಲ, ಅದನ್ನು ಬೆರಳಲ್ಲೇ ಉದುರಿಸಿ. ಬಿಲ್ಲೆಯನ್ನು ಹಾಗೇ ಹಾಕಿದರೆ ತಿಂಗಳು ಕಳೆದರೂ ಒಳಗಡೆ ಕಾಫಿ ವಾಸನೆ ಹೋಗಿರುವುದಿಲ್ಲ. ತೇವ ಎಷ್ಟಿರಬೇಕು? ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಒಂದೆರಡು ಹನಿ ಬಂದರೆ ಸರಿ. ಧಾರೆ ಬಂದರೆ ಒಣ ಎಲೆ ಸೇರಿಸಿ. ಹನಿಯೇ ಇಲ್ಲ, ಹಿಡಿ ಬಿಟ್ಟರೆ ಉದುರಿ ಹೋಯಿತು ಅಂದರೆ ನೀರು ಚಿಮುಕಿಸಿ. ವಾರಕ್ಕೆ ಎರಡು ಸಲ ಬುಡಮೇಲು ಮಾಡಿ ತಿರುಗಿಸಿ.

ಇನ್ನು ಮೂಗೇ ನಿಮ್ಮ ಮೀಟರ್. ಮುಚ್ಚಳ ತೆಗೆದಾಗ ಮೂಗಿಗೆ ಚುರ್ ಅನ್ನುವ ಅಮೋನಿಯ ವಾಸನೆ ಬಂದರೆ ಹಸಿ ಸರಕು ಜಾಸ್ತಿ ಆಗಿದೆ, ಸಾರಜನಕ ಗಾಳಿಗೆ ಹೋಗುತ್ತಿದೆ, ಒಣ ಎಲೆ ಹಾಕಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರು ಜಾಸ್ತಿ, ಗಾಳಿ ಕಡಿಮೆ. ಆಗ ಒಣ ಸರಕು ಹಾಕುವುದರ ಜೊತೆಗೆ ಪೂರ್ತಿ ಹೊರಗೆ ಸುರಿದು, ಗಾಳಿಗೆ ಆರಹಾಕಿ, ಮತ್ತೆ ತುಂಬಬೇಕು. ಬಿಳಿ ಎಳೆ ಎಳೆಯಾದ ಶಿಲೀಂಧ್ರ ಕಂಡರೆ ಹೆದರಬೇಡಿ, ಅದು ಕೆಲಸ ಮಾಡುತ್ತಿದೆ.

ದೊಡ್ಡ ರಾಶಿ ಒಳಗೊಳಗೇ ಬಿಸಿಯಾಗುತ್ತದೆ, ಕೈ ಇಟ್ಟರೆ ಸುಡುವಷ್ಟು. ಬಕೆಟ್ಟಿನಲ್ಲಿ ಅದನ್ನು ಕಾಯಬೇಡಿ. ಸುಮಾರು ಒಂದು ಮೀಟರ್ ಉದ್ದ, ಅಗಲ, ಎತ್ತರದ ರಾಶಿ ಇದ್ದರೆ ಬಿಸಿ ನಿಲ್ಲುತ್ತದೆ, ಸಣ್ಣದರಲ್ಲಿ ಹುಟ್ಟಿದ ಬಿಸಿ ಹೊರಗೆ ಹೋಗಿಬಿಡುತ್ತದೆ. ಹಾಗಾಗಿ ನಿಮ್ಮ ಬಕೆಟ್ ನಿಧಾನ. ತುಂಬಿದ ಮೇಲೆ ಹೊಸದು ಹಾಕುವುದನ್ನು ನಿಲ್ಲಿಸಿ, ಇನ್ನೂ ಮೂರು ತಿಂಗಳಾದರೂ ಬಿಡಿ. ಆ ಹೊತ್ತಿಗೆ ಎರಡನೇ ಬಕೆಟ್ ಶುರು ಮಾಡಿರಬೇಕು. ಇದನ್ನು ಹೇಳಿದಾಗಲೆಲ್ಲ ಕೆಲವರ ಮುಖ ಸಪ್ಪೆಯಾಗುತ್ತದೆ, ಈಗಲೂ ಆಯ್ತು ನೋಡಿ.

ಗೊಬ್ಬರ ಪಕ್ವ ಆಯಿತಾ ಅಂತ ಕಣ್ಣಲ್ಲಿ ನೋಡಿ ಹೇಳುವುದು ಕಷ್ಟ, ಯಾಕಂದರೆ ಚರಟ ಮೊದಲ ದಿನವೂ ಕಪ್ಪು, ಕೊನೆಯ ದಿನವೂ ಕಪ್ಪು. ಹಾಗಾಗಿ ಬೀಜದ ಪರೀಕ್ಷೆ ಮಾಡಿ. ಎರಡು ಸಣ್ಣ ಡಬ್ಬಿ. ಒಂದರಲ್ಲಿ ನೀವು ಮಾಮೂಲಿಯಾಗಿ ಕುಂಡಕ್ಕೆ ಹಾಕುವ ಮಣ್ಣು. ಇನ್ನೊಂದರಲ್ಲಿ ಅದೇ ಮಣ್ಣು ಅರ್ಧ, ನಿಮ್ಮ ಗೊಬ್ಬರ ಅರ್ಧ. ಎರಡಕ್ಕೂ ಹತ್ತತ್ತು ಮೂಲಂಗಿ ಬೀಜ ಹಾಕಿ, ಒಂದೇ ಜಾಗದಲ್ಲಿಟ್ಟು, ಒಂದೇ ಸಮ ನೀರು ಕೊಡಿ. ಮೂಲಂಗಿ ಬೇಗ ಮೊಳೆಯುತ್ತದೆ, ವಾರದಲ್ಲಿ ಗೊತ್ತಾಗುತ್ತದೆ. ಎರಡರಲ್ಲೂ ಹೆಚ್ಚು ಕಡಿಮೆ ಸಮಸಮ ಬಂದರೆ ಗೊಬ್ಬರ ಸಿದ್ಧ. ಮಣ್ಣಿನಲ್ಲಿ ಒಂಬತ್ತು ಬಂದು ಗೊಬ್ಬರದ್ದರಲ್ಲಿ ನಾಲ್ಕೇ ಬಂದರೆ, ಅಥವಾ ಬಂದವು ಗಿಡ್ಡವಾಗಿ, ಬೇರಿನ ತುದಿ ಕಂದಾಗಿದ್ದರೆ, ಇನ್ನೊಂದು ತಿಂಗಳು ಬಕೆಟ್ಟಿನಲ್ಲೇ ಇರಲಿ. ಸಿದ್ಧವಾದ ಮೇಲೂ ಕುಂಡಕ್ಕೆ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಬೇಡ, ಮಿಕ್ಕದ್ದು ಮಣ್ಣು.

ಎರೆಹುಳು ಸಾಕಿದವರು ಕೇಳುತ್ತೀರಿ ಅಂತ ಗೊತ್ತು. ಎರೆಹುಳು ಚರಟ ತಿನ್ನುತ್ತವೆ. ಆದರೆ ಒಂದು ಮೂಲೆಗೆ ಒಂದೇ ಒಂದು ಹಿಡಿ ಹಾಕಿ, ಅದು ಮುಗಿದ ಮೇಲೆ ಇನ್ನೊಂದು. ರಾಶಿ ಸುರಿದರೆ ಅದು ಬಿಸಿಯಾಗುತ್ತದೆ, ಹುಳುಗಳು ಪೆಟ್ಟಿಗೆಯ ಗೋಡೆ ಹತ್ತೋಕೆ ಶುರು ಮಾಡುತ್ತವೆ. ಹತ್ತುತ್ತಿವೆ ಅಂದರೆ ತೆಗೆದುಬಿಡಿ.

ಬಸವನಹುಳು ಓಡಿಸೋಕೆ ಗಿಡದ ಸುತ್ತ ಚರಟದ ಬೇಲಿ ಹಾಕುತ್ತಾರೆ. ಇದಕ್ಕೊಂದು ಮೂಲ ಇದೆ. 2002ರಲ್ಲಿ ಹವಾಯಿಯ ಸಂಶೋಧಕರು ಕೆಫೀನ್ ದ್ರಾವಣ ಚಿಪ್ಪಿರುವ, ಚಿಪ್ಪಿಲ್ಲದ ಬಸವನಹುಳುಗಳನ್ನು ಕೊಲ್ಲುತ್ತದೆ ಅಂತ ನೇಚರ್ ಪತ್ರಿಕೆಯಲ್ಲಿ ಬರೆದರು. ನಿಜವೇ. ಆದರೆ ಅವರು ಬಳಸಿದ್ದು ಶೇಕಡಾ 1ರಿಂದ 2ರಷ್ಟು ಕೆಫೀನ್ ಇದ್ದ ನೀರು. ಸಾಧಾರಣ ಕಾಫಿಯಲ್ಲಿ ಶೇಕಡಾ 0.1 ಕೂಡ ಇರುವುದಿಲ್ಲ, ಸೋಸಿ ಉಳಿದ ಚರಟದಿಂದ ಮಳೆನೀರಿಗೆ ಬಿಟ್ಟುಕೊಳ್ಳುವುದು ಇನ್ನೂ ಕಡಿಮೆ. ಒದ್ದೆ ಚರಟದ ಮೇಲೆ ಬಸವನಹುಳು ಸರಾಗವಾಗಿ ದಾಟಿ ಹೋಗುತ್ತದೆ. ಇರುವೆ, ಬೆಕ್ಕು ಬರುವುದಿಲ್ಲ ಅನ್ನುವುದಕ್ಕೂ ನಂಬುವಂಥ ಆಧಾರ ಇಲ್ಲ. ನಾಯಿ ಸಾಕಿದ್ದರೆ ಮಾತ್ರ ಎಚ್ಚರ, ಚರಟ ತಿಂದರೆ ಅದರಲ್ಲಿರುವ ಕೆಫೀನ್ ನಾಯಿಗೆ ವಿಷ. ಬಕೆಟ್ಟಿಗೆ ಮುಚ್ಚಳ ಇರಲಿ ಅಂದದ್ದು ಅದಕ್ಕೂ ಸೇರಿ.

ಈಗ ಅಡುಗೆಮನೆಯ ವಾಸನೆಗೆ ಬರೋಣ. ಇಲ್ಲೂ ಮೊದಲ ಶತ್ರು ತೇವ. ಒದ್ದೆ ಚರಟವನ್ನು ಬಟ್ಟಲಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಕೆಲವು ದಿನಕ್ಕೆ ಹಸಿರು ಬೂಷ್ಟು ಬಂದು, ತೆಗೆಯೋಕೆ ಹೋದ ವಾಸನೆಯ ಜೊತೆಗೆ ಇನ್ನೊಂದು ಸೇರುತ್ತದೆ. ಹಳೆ ಪೇಪರಿನ ಮೇಲೆ ಅರ್ಧ ಸೆಂಟಿಮೀಟರ್‌ಗಿಂತ ತೆಳ್ಳಗೆ ಹರಡಿ, ಬಿಸಿಲಲ್ಲಿಡಿ, ನಡುನಡುವೆ ಬೆರಳಾಡಿಸಿ. ಬಿಸಿಲಿಲ್ಲದ ದಿನ ಓವನ್ನಿನಲ್ಲಿ 100 ಡಿಗ್ರಿಯಲ್ಲಿ, ಆಗಾಗ ತಿರುವುತ್ತಾ. ಒಣಗಿದೆಯೋ ಇಲ್ಲವೋ ಅಂತ ನೋಡೋಕೆ ಮುಷ್ಟಿಯಲ್ಲಿ ಒತ್ತಿ ಬಿಡಿ. ಉಂಡೆ ಕಟ್ಟದೆ ಮರಳಿನಂತೆ ಜಾರಿದರೆ ಒಣಗಿದೆ. ಅಗಲ ಬಾಯಿಯ ಬಟ್ಟಲಿಗೆ ಹಾಕಿ, ಮೇಲೆ ತೆಳು ಬಟ್ಟೆ ಕಟ್ಟಿ ಫ್ರಿಜ್ಜಿನಲ್ಲಿಡಿ. ಎರಡು ಮೂರು ವಾರಕ್ಕೆ ಬದಲಾಯಿಸಿ, ಹಳೆಯದು ಕಾಂಪೋಸ್ಟ್ ಬಕೆಟ್ಟಿಗೆ.

ಎಷ್ಟು ಕೆಲಸ ಮಾಡುತ್ತದೆ? ಸ್ವಲ್ಪ. ಚರಟದ ಕಣದಲ್ಲಿ ಸೂಕ್ಷ್ಮ ರಂಧ್ರಗಳಿವೆ, ವಾಸನೆಯ ಅಣುಗಳು ಅಲ್ಲಿ ಅಂಟುತ್ತವೆ. ಜೊತೆಗೆ ಕಾಫಿಯ ಸ್ವಂತ ಘಮ ಬೇರೆ ವಾಸನೆಯನ್ನು ಮುಚ್ಚುತ್ತದೆ. ಇವೆರಡರಲ್ಲಿ ಯಾವುದು ಎಷ್ಟು ಅಂತ ಮೂಗಿಗೆ ಗೊತ್ತಾಗುವುದಿಲ್ಲ. 2012ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜಿನವರು ಚರಟದಿಂದ ಮಾಡಿದ ಇದ್ದಿಲು ಕೊಳೆತ ಮೊಟ್ಟೆಯ ವಾಸನೆಯ ಅನಿಲವನ್ನು, ಅಂದರೆ ಹೈಡ್ರೋಜನ್ ಸಲ್ಫೈಡನ್ನು, ಚೆನ್ನಾಗಿ ಹೀರುತ್ತದೆ ಅಂತ ತೋರಿಸಿದರು. ಕೆಫೀನಿನಲ್ಲಿರುವ ಸಾರಜನಕವೇ ಅದಕ್ಕೆ ಸಹಾಯ ಮಾಡುತ್ತದಂತೆ. ಆದರೆ ಅವರು ಚರಟಕ್ಕೆ ಜಿಂಕ್ ಕ್ಲೋರೈಡ್ ಬೆರೆಸಿ 800 ಡಿಗ್ರಿ ಸೆಲ್ಸಿಯಸ್ ತನಕ ಸುಟ್ಟಿದ್ದರು. ಆ ಫಲಿತಾಂಶ ನಮ್ಮ ಬಿಸಿಲಲ್ಲಿ ಒಣಗಿಸಿದ ಬಟ್ಟಲಿಗೆ ಅನ್ವಯಿಸುವುದಿಲ್ಲ. ಫ್ರಿಜ್ಜಿನ ಮೂಲೆಯಲ್ಲಿ ಏನೋ ಕೊಳೆಯುತ್ತಿದ್ದರೆ ಮೊದಲು ಅದನ್ನು ತೆಗೆಯಿರಿ, ಬಾಗಿಲಿನ ರಬ್ಬರ್ ಒರೆಸಿ, ಆಮೇಲೆ ಚರಟ ಇಡಿ. ಕೊಳೆತದ್ದನ್ನು ಒಳಗೇ ಬಿಟ್ಟು ಚರಟ ಇಟ್ಟರೆ ಕಾಫಿ ವಾಸನೆಯ ಕೊಳೆತ ಫ್ರಿಜ್ ಸಿಗುತ್ತದೆ ಅಷ್ಟೇ.

ಬೆಳ್ಳುಳ್ಳಿ, ಈರುಳ್ಳಿ ಹೆಚ್ಚಿದ ಕೈಗೆ ಒಂದು ಚಮಚ ಒದ್ದೆ ಚರಟ ಹಾಕಿ ಉಜ್ಜಿದರೆ ವಾಸನೆ ಕಡಿಮೆಯಾಗುತ್ತದೆ, ಇದು ನಾನೂ ಮಾಡುತ್ತೇನೆ. ಹೆಚ್ಚಿನ ಕೆಲಸ ಉಜ್ಜುವುದರದ್ದು. ಆದರೆ ಕೈ ತೊಳೆಯುವಾಗ ಚರಟ ಸಿಂಕಿಗೆ ಹೋಗುತ್ತದೆ, ಅಲ್ಲಿ ಹುಷಾರು. ಸಿಂಕಿನ ಪೈಪು ಸ್ವಚ್ಛ ಆಗುತ್ತದೆ ಅಂತ ಬೇಕಂತಲೇ ಸುರಿಯುವವರೂ ಇದ್ದಾರೆ. ಚರಟ ಕರಗುವುದಿಲ್ಲ. ನೀರಿಗಿಂತ ಭಾರ, ಸಿಂಕಿನ ಕೆಳಗೆ ಯು ಆಕಾರದಲ್ಲಿ ಬಾಗಿದ ಪೈಪಿನ ತಳಕ್ಕೆ ಹೋಗಿ ಕೂರುತ್ತದೆ. ಪಾತ್ರೆಯ ಜಿಡ್ಡು ಅದಕ್ಕೆ ಮೆತ್ತಿಕೊಂಡರೆ ಗಟ್ಟಿ ಕಪ್ಪು ಮುದ್ದೆ. ಪ್ಲಂಬರ್ ಆ ಬಾಗನ್ನು ಬಿಚ್ಚಿ ಬಕೆಟ್ಟಿಗೆ ತಟ್ಟಿದಾಗ ಏನು ಬೀಳುತ್ತದೆ ಅಂತ ಒಮ್ಮೆ ನಿಂತು ನೋಡಿ. ಸಿಂಕಿಗೆ ಜಾಲರಿ ಹಾಕಿ, ಕಾಫಿ ಪಾತ್ರೆಯನ್ನು ಮೊದಲು ಪೇಪರಿನಿಂದ ಒರೆಸಿ, ಆಮೇಲೆ ತೊಳೆಯಿರಿ.

ಕೊನೆಗೆ ಸಭೆಯಲ್ಲಿ ಎರಡು ಪ್ರಶ್ನೆ ಬಂದವು. ಬೂಷ್ಟು ಹಿಡಿದ ಚರಟವನ್ನು ಬಕೆಟ್ಟಿಗೆ ಹಾಕಬಹುದಾ ಅಂತ ಒಬ್ಬರು ಕೇಳಿದರು. ಧಾರಾಳವಾಗಿ ಹಾಕಿ, ಅಲ್ಲಿ ಅದು ಹೇಗೂ ಬೂಷ್ಟು ಹಿಡಿಯಬೇಕಾದ್ದೇ. ಪುಡಿ ಮಾಡುವಾಗ ಮುಖ ಹತ್ತಿರ ಇಡಬೇಡಿ, ಬೂಷ್ಟಿನ ಧೂಳು ಮೂಗಿಗೆ ಹೋಗುತ್ತದೆ. ಕಾಗದದ ಫಿಲ್ಟರ್ ಏನು ಮಾಡುವುದು ಅಂತ ಇನ್ನೊಬ್ಬರು. ಅದನ್ನೂ ಹರಿದು ಹಾಕಬಹುದು, ಅದು ಒಣ ಕಸದ ಲೆಕ್ಕಕ್ಕೆ ಸೇರುತ್ತದೆ. ಹಾಲು, ಸಕ್ಕರೆ ಹಾಕಿ ಕುದಿಸಿ ಸೋಸಿದ ಚರಟವಾದರೆ ಒಂದು ಸಲ ನೀರಿನಲ್ಲಿ ಜಾಲಿಸಿ, ಹಿಂಡಿ, ಆಮೇಲೆ ಬಕೆಟ್ಟಿಗೆ ಹಾಕಿ. ಇಲ್ಲದಿದ್ದರೆ ನಿಮಗಿಂತ ಮುಂಚೆ ಇರುವೆ ಬಂದಿರುತ್ತದೆ.